ಮೂರನೇ ಕ್ರಾಸಿನ ಕಾಲ್ ಡ್ರಾಪ್

(ನಮ್ಮ ಮನೆತನದ ಗುಂಪು, ಭಾನುವಾರ ಸಂಜೆ. ಕಾಕಾ ಇರುವುದು ಹುಬ್ಬಳ್ಳಿ ಧಾರವಾಡದ ನಡುವೆ, ನವನಗರದ ಕಡೆ. ಪ್ರವೀಣನ ಕೆಲಸವೇ ಊರೂರು ತಿರುಗಿ ಸಿಗ್ನಲ್ ಅಳೆಯುವುದು.)

ಕಾಕಾ: ಸಂಘದಿಂದ ಮೊಬೈಲ್ ಕಂಪನಿಗೆ ಪತ್ರ ಬರೆದಿದ್ದೇವೆ. ಮುಖ್ಯ ಭಾಗ ಹಾಕುತ್ತೇನೆ, ಓದಿ. ನಾಳೆ ಕಳಿಸುವುದು.

ಕಾಕಾ: "ಎರಡು ವಾರ ನಮ್ಮ ಬಡಾವಣೆಯ ಮನೆಗಳಲ್ಲಿ ಬರೆದಿಟ್ಟ ಲೆಕ್ಕದ ಪ್ರಕಾರ 214 ಕರೆಗಳಲ್ಲಿ 27 ನಡುವೆಯೇ ಕಟ್ ಆಗಿವೆ. ಅಂದರೆ ಶೇ 12.6. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮಿತಿ ಶೇ 2. ನೀವು ನಿಯಮ ಮುರಿದಿದ್ದೀರಿ. ಕೂಡಲೇ ಟವರ್ ಹಾಕಿ."

ಮಾಮಾ: ಬೀಗರೇ, ಭಾರಿ ಬರೆದಿದ್ದೀರಿ 👏

ಪ್ರವೀಣ: ಕಾಕಾ, "ನಿಯಮ ಮುರಿದಿದ್ದೀರಿ" ಅನ್ನುವುದನ್ನು ತೆಗೆಯಿರಿ.

ಕಾಕಾ: ಯಾಕಪ್ಪಾ? 12 ದೊಡ್ಡದೋ 2 ದೊಡ್ಡದೋ?

ಪ್ರವೀಣ: ಆ ಶೇ 2 ನಿಮ್ಮ ಬಡಾವಣೆಯ ಲೆಕ್ಕ ಅಲ್ಲ. ಒಂದು ಆಂಟೆನಾ ಸಿಗ್ನಲ್ ಕೊಡುವ ಜಾಗಕ್ಕೆ ಸೆಲ್ ಅನ್ನುತ್ತಾರೆ. ಅಂಥ ಸಾವಿರಾರು ಸೆಲ್‌ಗಳಲ್ಲಿ ನಡೆದ ಕರೆಗಳನ್ನು ಕಂಪನಿಯ ಯಂತ್ರಗಳೇ ಎಣಿಸುತ್ತವೆ, ಅದರ ಮೇಲೆ ಮಿತಿ. "ನಮ್ಮದು ಮಿತಿಯೊಳಗೇ ಇದೆ" ಅಂತ ಒಂದು ಸಾಲು ಬರೆದು ನಿಮ್ಮ ಪತ್ರ ಮುಚ್ಚಿಬಿಡುತ್ತಾರೆ.

ಕಾಕು: ಹಾಗಾದರೆ ನಾವು ವಹಿಯಲ್ಲಿ ಬರೆದದ್ದೆಲ್ಲ ಸುಮ್ನೆನಾ? ದಿನಾ ಸಂಜೆ ನಾನೇ ಬರೆದಿದ್ದೇನೆ!

ಪ್ರವೀಣ: ಸುಮ್ನೆ ಅಲ್ಲ ಕಾಕು, ನಿಮ್ಮ ವಹಿಯೇ ಬಂಗಾರ. ಯಾವ ಕ್ರಾಸಿನಲ್ಲಿ ಎಷ್ಟು ಅಂತ ಬಿಡಿಸಿ ಹೇಳಿ.

(ಅರ್ಧ ಗಂಟೆ ಯಾರೂ ಮಾತಿಲ್ಲ. ಅಕ್ಕ ಮಗುವಿನ ಫೋಟೋ ಹಾಕಿದಳು, ಅದಕ್ಕೂ ಯಾರೂ ಏನೂ ಅನ್ನಲಿಲ್ಲ.)

ಕಾಕು: ಮೂರನೇ ಕ್ರಾಸಿನಲ್ಲಿ 62 ಕರೆಗೆ 18. ಉಳಿದ ಕಡೆ ಎಲ್ಲ ಸೇರಿ 152ಕ್ಕೆ 9.

ಪ್ರವೀಣ: ನೋಡಿದ್ರಾ? ಮೂರನೇ ಕ್ರಾಸಿನಲ್ಲಿ ಶೇ 29, ಬೇರೆ ಕಡೆ ಶೇ 6ರ ಹತ್ತಿರ. ಎರಡನ್ನೂ ಕಲಸಿ 12.6 ಮಾಡಿ ನಿಮ್ಮ ಕೇಸನ್ನು ನೀವೇ ತೆಳ್ಳಗೆ ಮಾಡಿದ್ದೀರಿ. ಆ 18ರಲ್ಲಿ ದನಿ ಹೋಗಿ ನೀವೇ ಕಟ್ ಮಾಡಿದ್ದು ಎಷ್ಟು?

ಕಾಕು: 7. ಆ ಕಡೆಯಿಂದ ಮಾತೇ ಕೇಳುವುದಿಲ್ಲ. ಹಲೋ ಹಲೋ ಅಂದು ಅಂದು ನಾನೇ ಇಟ್ಟೆ. ಅದೂ ಕಟ್ ಆದ ಹಾಗೇ ಅಲ್ವಾ?

ಪ್ರವೀಣ: ನಿಮಗೆ ಹೌದು. ಕಂಪನಿಯ ಯಂತ್ರಕ್ಕೆ ಅಲ್ಲ. ನೀವು ಕೆಂಪು ಬಟನ್ ಒತ್ತಿದರೆ ಅದು ಸರಿಯಾಗಿ ಮುಗಿದ ಕರೆ ಅಂತಲೇ ದಾಖಲಾಗುತ್ತದೆ. ಅದಕ್ಕೇ ಬೇರೆ ಬರೆಯಿರಿ: ತಾನಾಗಿ ಕಟ್ ಆದದ್ದು 11, ದನಿ ಸತ್ತದ್ದು 7. ಬರೀ 11 ಹಿಡಿದರೂ ಶೇ 18ರ ಹತ್ತಿರ ಬರುತ್ತದೆ.

ಮಾಮಾ: ಇದು ವಕೀಲರ ಮಾತಾಯ್ತು.

ಕಾಕಾ: ಸಿಗ್ನಲ್ಲೂ ಅಳೆದಿದ್ದೇವೆ ಮಾರಾಯಾ. ಮನೆಯೊಳಗೆ 118, ಮಾಳಿಗೆ ಮೇಲೆ 96. ಒಳಗೇ ಜಾಸ್ತಿ ಇದೆ, ಆದರೂ ಕಟ್ ಆಗುತ್ತದೆ!

ಪ್ರವೀಣ: ಕಾಕಾ, ಅದರ ಹಿಂದೆ ಮೈನಸ್ ಇರುತ್ತದೆ. ಫೋನಿನ SIM status ತೆಗೆದು ಮತ್ತೆ ನೋಡಿ, -118 dBm ಅಂತ ಇರಬೇಕು. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ -118 ಅಂದರೆ ಕರೆ ಜೀವ ಹಿಡಿದುಕೊಂಡಿರುವ ಸ್ಥಿತಿ. ಮಾಳಿಗೆಯ -96 ನಡೆಯುತ್ತದೆ.

ಕಾಕಾ: ಅಂದರೆ ಗೋಡೆಯದ್ದೇ ತಪ್ಪಾ?

ಪ್ರವೀಣ: ಗೋಡೆ ಎಲ್ಲರ ಮನೆಗೂ ಇದೆ. ಹೊರಗೇ ಕಡಿಮೆ ಬರುತ್ತಿರುವುದರಿಂದ ಗೋಡೆ ದಾಟುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ಸಿಗ್ನಲ್ -90ರ ಆಸುಪಾಸು ಇದ್ದು, ಸಂಜೆ ಮಾತ್ರ ಕಟ್ ಆಗಿದ್ದರೆ ಜನಸಂದಣಿಯ ತೊಂದರೆ ಇರಬಹುದು ಅನ್ನುತ್ತಿದ್ದೆ. ನಿಮ್ಮಲ್ಲಿ ಬೆಳಿಗ್ಗೆಯೂ ಆಗುತ್ತದಾ?

ಕಾಕು: ಬೆಳಿಗ್ಗೆ, ಮಧ್ಯಾಹ್ನ, ಯಾವಾಗಲೂ.

ಪ್ರವೀಣ: ಹಾಗಾದರೆ ಇದು ಕವರೇಜ್ ಇಲ್ಲದ ಜಾಗ ಅನ್ನಿಸುತ್ತದೆ. ಟವರೇ ಬೇಕು ಅಂತ ಹಟ ಹಿಡಿಯಬೇಡಿ. ಇರುವ ಆಂಟೆನಾದ ದಿಕ್ಕು, ಬಾಗು ಸ್ವಲ್ಪ ಬದಲಿಸಿದರೂ ಸಾಕಾಗಬಹುದು. "ನಮ್ಮ ಕ್ರಾಸಿಗೆ ಬಂದು ಅಳೆಯಿರಿ, ಇಲ್ಲಿಗೆ ಸಿಗ್ನಲ್ ಕೊಡುವ ಸೆಲ್‌ನ ಡ್ರಾಪ್ ಲೆಕ್ಕ ತೋರಿಸಿ" ಅಂತ ಕೇಳಿ. ಕಸ್ಟಮರ್ ಕೇರಿಗೆ ಫೋನ್ ಮಾಡಿ ದೂರಿನ ಡಾಕೆಟ್ ನಂಬರನ್ನೂ ತಗೊಳ್ಳಿ. ಮುಂದೆ ಅಪೀಲಿಗೆ ಅದೇ ಬೇಕು.

ಕಾಕಾ: ಫೋನ್ ಮಾಡಿದರೆ "ವೈಫೈ ಕಾಲಿಂಗ್ ಹಾಕಿಕೊಳ್ಳಿ" ಅಂದರು. ಮೊಬೈಲಿಗೂ ನಾನೇ ದುಡ್ಡು, ವೈಫೈಗೂ ನಾನೇ ದುಡ್ಡು!

ಮಾಮಾ: ಬೀಗರೇ, ಒಂದು ಮಾತು. ಹೋದ ವರ್ಷ ಅಲ್ಲೊಂದು ಮಾಳಿಗೆ ಮೇಲೆ ಆಂಟೆನಾ ಹಾಕಲು ಬಂದಾಗ ರೇಡಿಯೇಶನ್ ಅಂತ ಓಡಿಸಿದವರು ಯಾರು?

ಕಾಕಾ: ಅದು ಹಳೇ ಕಮಿಟಿ.

ಕಾಕು: ಹಳೇ ಕಮಿಟಿಯಲ್ಲಿ ಇವರೂ ಇದ್ದರು.

ಅಕ್ಕ: 😂😂

ಪ್ರವೀಣ: ಅದನ್ನು ಮುಚ್ಚಿಡಬೇಡಿ ಕಾಕಾ, ಅವರ ಫೈಲಿನಲ್ಲಿ ಇದ್ದೇ ಇರುತ್ತದೆ. ಆಂಟೆನಾ ಹಾಕಲೇಬೇಕಾದರೆ ಸಂಘದ ಕಟ್ಟಡದ ಮಾಳಿಗೆ ಕೊಡುತ್ತೇವೆ ಅಂತ ಒಂದು ಸಾಲು ಸೇರಿಸಿ. ಜಾಗ ಸಿಗದೆ ಕೆಲಸ ನಿಂತಿದೆ ಅನ್ನುವ ನೆಪ ಹೋಗುತ್ತದೆ.

ಕಾಕಾ: ಮಾಳಿಗೆಗೆ ಸಭೆ ಒಪ್ಪಬೇಕಲ್ಲ. ಸರಿ, ತಿದ್ದಿದ್ದು ಇದು: "ಮೂರನೇ ಕ್ರಾಸಿನಲ್ಲಿ 62 ಕರೆಗಳಲ್ಲಿ 11 ತಾನಾಗಿ ಕಟ್ ಆಗಿವೆ, ಇನ್ನೂ 7ರಲ್ಲಿ ದನಿ ನಿಂತಿದೆ. ಮನೆಯೊಳಗೆ ಸಿಗ್ನಲ್ -118, ಮಾಳಿಗೆಯಲ್ಲಿ -96. ದಿನ, ಹೊತ್ತು, ಮನೆ ನಂಬರ್ ಇರುವ ಪಟ್ಟಿ ಜೊತೆಗಿದೆ. ದಯವಿಟ್ಟು ಬಂದು ಅಳೆಯಿರಿ, ಈ ಸೆಲ್‌ನ ಲೆಕ್ಕ ತಿಳಿಸಿ."

ಕಾಕು: "ದಯವಿಟ್ಟು" ಯಾಕೆ? ದುಡ್ಡು ಕೊಡುತ್ತೇವಲ್ಲ.

ಪ್ರವೀಣ: ಇರಲಿ ಕಾಕು. ಆ ವಹಿಯ ಫೋಟೋ ಮಾತ್ರ ಇವತ್ತೇ ತೆಗೆದಿಡಿ.