ಫೆಸ್ಟ್‌ಗೆ ಸ್ಪಾನ್ಸರ್ ಬೇಕು, ಕ್ಯಾಪ್ಷನ್ ಹೇಗೆ ಬರೆಯೋದು?

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿ, ಬಳ್ಳಾರಿ): ಅಣ್ಣಾ, "ಯುವ ಪ್ರತಿಭೆಗಳಿಗೆ ಬೆಂಬಲ ನೀಡಿ, ಆಸಕ್ತರು ಡಿಎಂ ಮಾಡಿ" ಅಂತ ಇನ್‌ಸ್ಟಾದಲ್ಲಿ ಹಾಕಿದ್ದೇವೆ. ಲೈಕ್ ಬಂತು, ಒಬ್ಬ ಅಂಗಡಿಯವರೂ ಕೇಳಲಿಲ್ಲ.

ಜಾಹೀರಾತು ಡಿಸೈನರ್: ತಮ್ಮಾ, ಗಲ್ಲಾದ ಮೇಲೆ ಕೂತವರಿಗೆ ಬೇಕಾದ್ದು ಮೂರೇ: ಎಷ್ಟು ಜನ ಬರ್ತಾರೆ, ಎಷ್ಟು ಕೊಡಬೇಕು, ನನಗೇನು ಸಿಗುತ್ತೆ. ಇನ್‌ಸ್ಟಾದಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತೆ, ಉಳಿದದ್ದು ಒತ್ತಿದರೆ ಮಾತ್ರ. ಹಾಗಾಗಿ ಅದನ್ನೇ ಮೇಲೆ ತನ್ನಿ. ಜೀನ್ಸ್ ಅಂಗಡಿಯವರನ್ನು ಮನಸ್ಸಲ್ಲಿಟ್ಟು ಬರೆದರೆ ಹೀಗೆ (ಅಂಕಿ ನಿಮ್ಮವು ಹಾಕಿಕೊಳ್ಳಿ):

"ಬಳ್ಳಾರಿಯ ಅಂಗಡಿಯವರೇ, 2 ದಿನ, 1,200 ವಿದ್ಯಾರ್ಥಿಗಳು, ₹5,000ದಿಂದ ಶುರು.
₹5,000: ಗೇಟಿನ ಬ್ಯಾನರ್‌ನಲ್ಲಿ ಲೋಗೊ, ಪೇಜಿನಲ್ಲಿ ಒಂದು ಪೋಸ್ಟ್.
₹15,000: 10×10 ಅಡಿ ಸ್ಟಾಲ್, ದಿನಕ್ಕೆ 3 ಸಲ ವೇದಿಕೆಯಿಂದ ಹೆಸರು, ಪಾಸಿನ ಹಿಂದೆ ನಿಮ್ಮ ಡಿಸ್ಕೌಂಟ್ ಕೂಪನ್.
ಲೋಗೊ ಕೊಡಲು ಕೊನೆ ದಿನ: …
ಫೋನ್, ವಾಟ್ಸಾಪ್: … (ವಿದ್ಯಾರ್ಥಿ ಸಂಯೋಜಕ), … (ಪ್ರಾಧ್ಯಾಪಕರು). ಬೆಳಿಗ್ಗೆ 10ರಿಂದ ಸಂಜೆ 6.
ಹಣ ಕಾಲೇಜಿನ ಖಾತೆಗೆ, ರಸೀದಿ ಸಿಗುತ್ತದೆ."

ಪಾಸಿನ ಕೂಪನ್ ಬಿಡಬೇಡಿ. ಬ್ಯಾನರ್ ನೋಡಿ ಎಷ್ಟು ಜನ ಬಂದರು ಅಂತ ಅಂಗಡಿಯವರಿಗೆ ಗೊತ್ತಾಗಲ್ಲ, ಕೂಪನ್ ಎಣಿಸಬಹುದು. ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದರೆ ಒತ್ತಲು ಬರಲ್ಲ, ಅದನ್ನು ಬಯೋದಲ್ಲಿ ಇಡಿ. ಹುಡುಗಿಯರ ಸ್ವಂತ ನಂಬರ್ ಹಾಕಬೇಡಿ, ರಾತ್ರಿ ಸುಮ್ನೆ ಫೋನ್ ಮಾಡೋರು ಇರ್ತಾರೆ.

ಇನ್ನೊಬ್ಬರು: ಮೊತ್ತ ಹಾಕಲೇಬೇಡಿ. ಮಾತಾಡಿದರೆ ಜಾಸ್ತಿ ಬರುತ್ತೆ.

ಡಿಸೈನರ್: ಟೈಟಲ್ ಸ್ಪಾನ್ಸರ್‌ಗೆ ಸರಿ ಸರ್, ಅದನ್ನು ಎದುರು ಕೂತೇ ಮಾತಾಡಬೇಕು. ಆದರೆ ಕಾರ್ ಸ್ಟ್ರೀಟಿನ ಸಣ್ಣ ಅಂಗಡಿಯವರು ಮೊತ್ತ ಕಾಣದಿದ್ದರೆ "ಲಕ್ಷ ಕೇಳ್ತಾರೇನೋ" ಅಂತ ಮುಂದೆ ಹೋಗಿಬಿಡ್ತಾರೆ.

ಬಟ್ಟೆ ಅಂಗಡಿಯವರು: ಹಿಂದೊಮ್ಮೆ ಒಂದು ಕಾಲೇಜಿಗೆ ಹಣ ಕೊಟ್ಟಿದ್ದೆ. ನನ್ನ ಬ್ಯಾನರ್ ಜನರೇಟರ್ ಹಿಂದೆ ನೇತಾಡ್ತಿತ್ತು, ಹೆಸರು ಒಂದು ಸಲಾನೂ ಕೂಗಲಿಲ್ಲ. ಈಗ ಬ್ಯಾನರ್ ಎಲ್ಲಿ ಕಟ್ತೀರಿ ಅಂತ ಮೊದಲೇ ಕೇಳ್ತೀನಿ. ಫೆಸ್ಟ್ ಮುಗಿದ ಮೇಲೆ ಫೋಟೊ ಕಳಿಸ್ತೇವೆ ಅಂತ ಬರೆದುಬಿಡಿ.

ಮತ್ತೊಬ್ಬರು: ನಮ್ಮ ಓಣಿ ಗಣೇಶನಿಗೂ ಇದೇ ಕ್ಯಾಪ್ಷನ್ ನಡೀತದಾ?

ಡಿಸೈನರ್: ಇಲ್ಲ ಅಣ್ಣಾ, ಅದು ಪಟ್ಟಿ, ಭಕ್ತಿಯಿಂದ ಕೊಡ್ತಾರೆ. ಇದು ವ್ಯಾಪಾರ.

ಪ್ರಶ್ನೆ ಕೇಳಿದವರು: ಎರಡು ಜೀನ್ಸ್ ಅಂಗಡಿಯವರು ಬಂದರೆ?

ಡಿಸೈನರ್: "ಒಂದು ವ್ಯಾಪಾರಕ್ಕೆ ಒಬ್ಬರೇ" ಅಂದರೆ ಹೆಚ್ಚು ಕೇಳಬಹುದು, ಎರಡನೆಯವರ ಹಣ ಬಿಡಬೇಕಾಗುತ್ತೆ. ಕಮಿಟಿಯಲ್ಲೇ ತೀರ್ಮಾನ ಮಾಡಿ.

ಬಟ್ಟೆ ಅಂಗಡಿಯವರು: ಪಕ್ಕದಲ್ಲೇ ಇನ್ನೊಬ್ಬರ ಸ್ಟಾಲ್ ಇದ್ದರೆ ನಾನಂತೂ ಬರಲ್ಲಪ್ಪ.