ಅಪ್‌ಡೇಟ್: ಹಿಟ್ಟಿನ ಗಿರಣಿಯ ವಿ-ಬೆಲ್ಟ್ ಜಾರುವುದು ನಿಂತಿತು

ನಾನು ಕೇಳಿದ್ದು: "5.5 ಕಿಲೋವ್ಯಾಟ್, 1440 ಆರ್‌ಪಿಎಂ ಮೋಟಾರ್. ಪುಲ್ಲಿಗಳು 125 ಮತ್ತು 300 ಮಿ.ಮೀ., ನಡುವಿನ ದೂರ 500. ಮೂರು ಬಿ-66 ಬೆಲ್ಟ್ ಹಾಕಿದ್ದೇನೆ. ಲೋಡ್ ಬಿದ್ದ ಕೂಡಲೇ ಕಿರುಚುತ್ತವೆ, ಯಾಕೆ?"

ತಪ್ಪು ಎರಡು ಕಡೆ ಇತ್ತು. ಉದ್ದದ ಲೆಕ್ಕ ಸರಿಯೇ ಇತ್ತು, C ನಡುವಿನ ದೂರ, D ದೊಡ್ಡ ಪುಲ್ಲಿ, d ಸಣ್ಣದು:

```
L = 2C + 1.57(D+d) + (D-d)²/4C
  = 1000 + 667 + 15 = 1682
```

ಆದರೆ ಇದು ಪಿಚ್ ಉದ್ದ. ಬೆಲ್ಟ್ ಮೇಲಿನ 66 ಅನ್ನೋದು ಒಳ ಉದ್ದ, ಇಂಚಿನಲ್ಲಿ. ಬಿ ಬೆಲ್ಟಿಗೆ ಅದರ ಮೇಲೆ ಸುಮಾರು 43 ಮಿ.ಮೀ. ಸೇರಿಸಬೇಕು. ಅಂದರೆ ನನ್ನದು 1719! ಬಿಗಿ ಮಾಡಲು ಮೋಟಾರನ್ನು 18 ಮಿ.ಮೀ. ಹಿಂದೆ ಸರಿಸಬೇಕಿತ್ತು. ಸ್ಲಾಟ್‌ನಲ್ಲಿ ಜಾಗ ಇದ್ದದ್ದು ಬರೀ 10. ಬಿ-65 ಹಾಕಿದೆ, 6 ಮಿ.ಮೀ. ಸರಿಸಿದರೆ ಸಾಕಾಯಿತು.

ಇನ್ನು ಬೆಲ್ಟುಗಳ ಸಂಖ್ಯೆ. ಒಂದು ಬೆಲ್ಟಿಗೆ 2 ಕಿಲೋವ್ಯಾಟ್ ಅಂತ ಹಿಡಿದು, ಸುಮ್ನೆ 5.5 ಅನ್ನು ಭಾಗಿಸಿ ಮೂರು ಅಂದುಕೊಂಡಿದ್ದೆ. ಗಿರಣಿಯ ಲೋಡಿಗೆ 1.2 ಗುಣಿಸಿದರೆ 6.6 ಆಗುತ್ತದೆ. ಸಣ್ಣ ಪುಲ್ಲಿಯನ್ನು ಬೆಲ್ಟ್ ಸುತ್ತುವುದು 160 ಡಿಗ್ರಿ ಮಾತ್ರ, ಅದಕ್ಕೆ 0.95, ಗಿಡ್ಡ ಬೆಲ್ಟಿಗೆ 0.93. 2 ಅನ್ನು ಈ ಎರಡರಿಂದ ಗುಣಿಸಿದರೆ ಒಂದು ಬೆಲ್ಟ್ ಎಳೆಯುವುದು 1.77. 6.6 ಅನ್ನು ಇದರಿಂದ ಭಾಗಿಸಿದರೆ 3.7, ಅಂದರೆ ನಾಲ್ಕು ಬೆಲ್ಟ್.

ನಾಲ್ಕು ತೋಡುಗಳಿರುವ ಪುಲ್ಲಿಗಳನ್ನೇ ಕೊಂಡೆ. ಹಳೆಯ ಮೂರರ ಜೊತೆ ಹೊಸದೊಂದನ್ನು ಸೇರಿಸಲಿಲ್ಲ; ಹಿಗ್ಗಿದವು ಸಡಿಲ ಉಳಿದು ಹೊಸದೇ ಭಾರವೆಲ್ಲ ಹೊರುತ್ತದೆ, ಅಲ್ವಾ. ಎರಡು ವಾರವಾಯಿತು, ಕಿರುಚಾಟ ಇಲ್ಲ.