ಮೇಲ್ ಆ್ಯಪ್ 9 ಜಿಬಿ ತಿಂದಿದೆ, ಅಕೌಂಟ್ ತೆಗೆಯದೆ ಖಾಲಿ ಮಾಡೋದು ಹೇಗೆ?

ಪ್ರಶ್ನೆ: ಟ್ಯಾಕ್ಸ್ ಕನ್ಸಲ್ಟೆಂಟ್, ದಾವಣಗೆರೆ

ನನ್ನದು 64 ಜಿಬಿಯ ಆಂಡ್ರಾಯ್ಡ್ ಫೋನ್. ಜಾಗ ಇಲ್ಲ ಅಂತ ದಿನಾ ಕೂಗುತ್ತದೆ. ನೋಡಿದರೆ ಜಿಮೇಲ್ ಆ್ಯಪ್ ಒಂದೇ 9.4 ಜಿಬಿ! ಕ್ಯಾಶ್ ಕ್ಲಿಯರ್ ಮಾಡಿದೆ, 9.1ಕ್ಕೆ ಇಳಿಯಿತು ಅಷ್ಟೇ. ಅದರಲ್ಲಿ ಎರಡು ಅಕೌಂಟ್ ಇವೆ, ಒಂದು ನನ್ನ ಜಿಮೇಲ್, ಇನ್ನೊಂದು ಆಫೀಸಿನ ಡೊಮೇನ್ ಮೇಲ್. ಆಫೀಸಿನದ್ದನ್ನು ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ, ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಅಕೌಂಟ್ ತೆಗೆಯದೆ ಜಾಗ ಬಿಡಿಸಿಕೊಳ್ಳಲು ದಾರಿ ಇದೆಯಾ?

ಕಾಲೇಜು ಹುಡುಗ, ತುಮಕೂರು

ಮೇಡಂ, ವಾರಕ್ಕೊಮ್ಮೆ `Clear cache` ಒತ್ತುತ್ತಾ ಇರಿ, ಸಾಕು. ಪಕ್ಕದಲ್ಲಿರುವ `Clear storage` ಮಾತ್ರ ಮುಟ್ಟಲೇಬೇಡಿ. ಅಕೌಂಟ್ ಪೂರ್ತಿ ಹೋಗುತ್ತದೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ನನಗೂ ಇದೇ ತೊಂದರೆ ಆಗಿತ್ತಮ್ಮ. ಗೂಗಲ್‌ನವರು 15 ಜಿಬಿ ಕೊಡುತ್ತಾರೆ, ಅದು ತುಂಬಿತ್ತು. ಹಳೇ ಮೇಲ್ ಎಲ್ಲ ಕೂತು ಅಳಿಸಿದೆ, ಮೂರು ದಿನ ಹಿಡಿಯಿತು. ಆಮೇಲೆ ಸರಿಹೋಯಿತು.

ಐಟಿ ಸಪೋರ್ಟ್ ಕೆಲಸದವರು, ಬೆಂಗಳೂರು

ಮೇಷ್ಟ್ರೇ, ನಿಮ್ಮದು ಬೇರೆ ಟ್ಯಾಂಕ್. ಆ 15 ಜಿಬಿ ಗೂಗಲ್‌ನ ಸರ್ವರ್‌ನಲ್ಲಿರುವ ಜಾಗ. ಮೇಲ್, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. ಮೇಡಂ ಕೇಳುತ್ತಿರುವುದು ಫೋನಿನೊಳಗೆ ಇಳಿದು ಕೂತಿರುವ ನಕಲಿನ ಬಗ್ಗೆ. ಮೇಡಂ, ದಯವಿಟ್ಟು ಮೇಲ್ ಅಳಿಸಲು ಹೋಗಬೇಡಿ. ಫೋನಿನಲ್ಲಿ ಅಳಿಸಿದ ಮೇಲ್ ಸರ್ವರ್‌ನಲ್ಲೂ ಹೋಗುತ್ತದೆ. ಜಿಮೇಲ್‌ನಲ್ಲಾದರೆ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಅದೂ ಇಲ್ಲ. ಕ್ಲೈಂಟ್‌ಗಳ ಕಾಗದಪತ್ರ ಇಟ್ಟುಕೊಂಡವರು ಜಾಗ ಬೇಕು ಅಂತ ಮಾಡುವ ಕೆಲಸ ಅಲ್ಲ ಅದು.

ತುಮಕೂರಿನವರು ಹೇಳಿದ್ದು ಅರ್ಧ ಸರಿ. `Clear cache` ಒತ್ತಿದರೆ ಏನೂ ಕೆಡಲ್ಲ, ಅಕೌಂಟ್ ಹೋಗಲ್ಲ. ಆದರೆ ನಿಮ್ಮ 9 ಜಿಬಿ ಅಲ್ಲಿ ಇಲ್ಲವೇ ಇಲ್ಲ. ಮೊದಲು ಒಂದು ಕೆಲಸ ಮಾಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯಲ್ಲಿ ಜಿಮೇಲ್ ತೆರೆದು, ಸ್ಟೋರೇಜ್ ಮೇಲೆ ಒತ್ತಿ. ಅಲ್ಲಿ ಮೂರು ಸಾಲು ಇರುತ್ತವೆ: ಆ್ಯಪ್ ಎಷ್ಟು, ಡೇಟಾ ಎಷ್ಟು, ಕ್ಯಾಶ್ ಎಷ್ಟು. ಅದನ್ನು ಇಲ್ಲಿ ಹಾಕಿ.

ಕೇಳಿದವರು

ಆ್ಯಪ್ 180 ಎಂಬಿ, ಡೇಟಾ 8.9 ಜಿಬಿ. ಕ್ಯಾಶ್ ಈಗ 20 ಎಂಬಿ ತೋರಿಸುತ್ತಿದೆ. ನಿನ್ನೆ 300 ಚಿಲ್ಲರೆ ಇತ್ತು.

ಐಟಿ ಸಪೋರ್ಟ್ ಕೆಲಸದವರು

ಅದೇ ನೋಡಿ. ಡೇಟಾ ಅಂದರೆ ಫೋನಿಗೆ ಇಳಿಸಿಕೊಂಡ ಮೇಲ್‌ಗಳು, ಜೊತೆಗೆ ಅವಕ್ಕೆ ಅಂಟಿಕೊಂಡು ಬಂದ ಪಿಡಿಎಫ್‌ಗಳು. ಕ್ಯಾಶ್ ಬಟನ್ ಇದನ್ನು ಮುಟ್ಟುವುದಿಲ್ಲ. ಹಾಗಾಗಿ ಎಷ್ಟು ಸಲ ಒತ್ತಿದರೂ ಅಷ್ಟೇ.

ಜಿಮೇಲ್ ಆ್ಯಪ್ ಸಾಮಾನ್ಯವಾಗಿ ಕೊನೆಯ 30 ದಿನದ ಮೇಲ್ ಮಾತ್ರ ಇಳಿಸಿಕೊಳ್ಳುತ್ತದೆ. 8.9 ಜಿಬಿ ಆಗಿದೆ ಅಂದರೆ ಯಾರೋ ಯಾವತ್ತೋ ಅದನ್ನು ಬದಲಾಯಿಸಿದ್ದಾರೆ. ಆ್ಯಪ್ ಒಳಗಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಜಿಮೇಲ್ ವಿಳಾಸದ ಮೇಲೆ ಒತ್ತಿ ಕೆಳಗೆ ಬನ್ನಿ. `Days of mail to sync` ಅಂತ ಇರುತ್ತದೆ, ಎಷ್ಟಿದೆ ನೋಡಿ. `Download attachments` ಅಂತ ಇನ್ನೊಂದು. ಅದಕ್ಕೆ ಟಿಕ್ ಇದ್ದರೆ ವೈಫೈ ಸಿಕ್ಕಾಗೆಲ್ಲ ಹೊಸ ಮೇಲ್‌ಗಳ ಅಟ್ಯಾಚ್‌ಮೆಂಟ್ ತಾನಾಗೇ ಇಳಿಯುತ್ತದೆ.

ಮೂರನೆಯದನ್ನು ಯಾರೂ ನೋಡುವುದಿಲ್ಲ. `Manage labels` ಒಳಗೆ ಒಂದೊಂದು ಲೇಬಲ್‌ಗೂ ಬೇರೆ ಬೇರೆ ಸಿಂಕ್ ಇಡಬಹುದು. ದಿನ 30 ಅಂತಿದ್ದರೂ, ಒಂದು ಲೇಬಲ್‌ಗೆ `All` ಇಟ್ಟಿದ್ದರೆ ಅದರಲ್ಲಿರುವ ಅಷ್ಟೂ ವರ್ಷದ ಮೇಲ್ ಫೋನಿಗೆ ಬರುತ್ತದೆ.

ಕೇಳಿದವರು

ಅಯ್ಯೋ ಸಿಕ್ಕಿತು! ದಿನ 30 ಅಂತಲೇ ಇದೆ. ಆದರೆ ‘ಕ್ಲೈಂಟ್ಸ್’ ಅನ್ನೋ ಲೇಬಲ್‌ಗೆ `All` ಇದೆ. ಜಿಎಸ್‌ಟಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅದರಲ್ಲೇ ಹಾಕುವುದು. ಹಿಂದೊಮ್ಮೆ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ನಾನೇ ಹಾಗೆ ಇಟ್ಟಿದ್ದು ಈಗ ನೆನಪಾಗುತ್ತಿದೆ. ಅಟ್ಯಾಚ್‌ಮೆಂಟ್‌ಗೂ ಟಿಕ್ ಇತ್ತು. ಎರಡನ್ನೂ ಬದಲಾಯಿಸಿದೆ. ಈಗ ತಾನಾಗೇ ಇಳಿಯುತ್ತಾ?

ಐಟಿ ಸಪೋರ್ಟ್ ಕೆಲಸದವರು

ಒಂದು ರಾತ್ರಿ ಚಾರ್ಜಿಗೆ ಹಾಕಿ ವೈಫೈನಲ್ಲಿ ಬಿಡಿ. ಸ್ವಲ್ಪ ಇಳಿಯಬಹುದು, ಜಾಸ್ತಿ ಆಸೆ ಬೇಡ. ಇಂಥ ಆ್ಯಪ್‌ಗಳು ಮೇಲ್ ಇಡುವುದು ಡೇಟಾಬೇಸ್ ಫೈಲ್‌ನಲ್ಲಿ. ಒಳಗಿನ ಮೇಲ್ ತೆಗೆದರೂ ಫೈಲ್ ಅಷ್ಟೇ ದೊಡ್ಡದಾಗಿ ಉಳಿದುಬಿಡಬಹುದು. ಕಣಜದಿಂದ ರಾಗಿ ತೆಗೆದ ಮಾತ್ರಕ್ಕೆ ಕಣಜ ಚಿಕ್ಕದಾಗಲ್ಲ ಅಲ್ವಾ, ಹಾಗೆ. ಆದರೆ ಸೆಟ್ಟಿಂಗ್ ಬದಲಾಯಿಸಿದ್ದು ದಂಡ ಅಲ್ಲ. ಅದನ್ನು ಮಾಡದೆ ಖಾಲಿ ಮಾಡಿದ್ದರೆ ಮತ್ತೆ ತುಂಬಿಕೊಳ್ಳಬಹುದಿತ್ತು.

ಕೇಳಿದವರು (ಮರುದಿನ)

8.4 ಜಿಬಿ. ನೀವು ಹೇಳಿದ ಹಾಗೇ ಆಯಿತು.

ಐಟಿ ಸಪೋರ್ಟ್ ಕೆಲಸದವರು

ಹಾಗಾದರೆ `Clear storage` ಒತ್ತಲೇಬೇಕು. ಆದರೆ ಇವತ್ತು ಬೇಡ.

ನಿಮ್ಮ ಗೂಗಲ್ ಅಕೌಂಟ್ ಜಿಮೇಲ್ ಆ್ಯಪ್‌ನ ಸ್ವತ್ತಲ್ಲ, ಅದು ಫೋನಿನ ಅಕೌಂಟ್ ಪಟ್ಟಿಯಲ್ಲಿರುತ್ತದೆ. ಅದಕ್ಕೇ ಆ್ಯಪ್‌ನ ಡೇಟಾ ಪೂರ್ತಿ ಒರೆಸಿದರೂ ಗೂಗಲ್ ಅಕೌಂಟ್ ಉಳಿಯುತ್ತದೆ. ಪ್ಲೇ ಸ್ಟೋರ್, ಕಾಂಟ್ಯಾಕ್ಟ್ಸ್ ಯಾವುದೂ ಅಲುಗಾಡಲ್ಲ. ಜಿಮೇಲ್ ತೆರೆದ ತಕ್ಷಣ ಮೇಲ್ ಮತ್ತೆ ಇಳಿಯಲು ಶುರುವಾಗುತ್ತದೆ. ಆಫೀಸಿನ ಡೊಮೇನ್ ಮೇಲ್ ಹಾಗಲ್ಲ. ಅದರ ಪಾಸ್‌ವರ್ಡ್, ಸರ್ವರ್ ವಿವರ ಎಲ್ಲ ಆ್ಯಪ್‌ನ ಡೇಟಾದೊಳಗೇ ಇರುತ್ತದೆ. ಒರೆಸಿದರೆ ಆ ಅಕೌಂಟ್ ಮತ್ತೆ ಸೇರಿಸಬೇಕಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ತುಮಕೂರಿನವರ ಮಾತು ನಿಮ್ಮ ಎರಡನೇ ಅಕೌಂಟಿನ ಮಟ್ಟಿಗೆ ನಿಜ.

ಹಾಗಾಗಿ ಮೊದಲು ಡೊಮೇನ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಪಾಸ್‌ವರ್ಡ್ ಹೊಸದು ಮಾಡಿಸಿಕೊಳ್ಳಿ, ಸರ್ವರ್ ಹೆಸರುಗಳನ್ನೂ ಬರೆದುಕೊಳ್ಳಿ. ಆಮೇಲೆ ಆ್ಯಪ್‌ನಲ್ಲಿ ಎಡಗಡೆಯ ಮೆನು ಎಳೆದು `Outbox` ನೋಡಿ. ಹೋಗದೆ ನಿಂತ ಮೇಲ್ ಅಲ್ಲಿದ್ದರೆ ಅದು ನಿಮ್ಮ ಫೋನಿನಲ್ಲಿ ಮಾತ್ರ ಇದೆ, ಒರೆಸಿದರೆ ಮತ್ತೆ ಸಿಗಲ್ಲ. ಡ್ರಾಫ್ಟ್‌ಗಳನ್ನು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಅಲ್ಲಿ ಕಂಡರೆ ಭಯ ಇಲ್ಲ.

ಪ್ರಿಂಟಿಂಗ್ ಪ್ರೆಸ್‌ನವರು, ಹುಬ್ಬಳ್ಳಿ

ನಡುವೆ ಬರ್ತೀನ್ರೀ. ಮೇಡಂ, ಸ್ವಲ್ಪ ತಡೀರಿ. ನಾನು ಒಂದ್ಸಲ ಬೇರೆ ಮೇಲ್ ಆ್ಯಪ್‌ನಾಗ ಹಿಂಗೇ ಒರೆಸಿ ಕೈ ಸುಟ್ಟುಕೊಂಡೀನಿ. ಲಗ್ನಪತ್ರಿಕೆ ಆರ್ಡರ್ ಎಲ್ಲಾ ಮೇಲ್‌ನಾಗ ಬರ್ತಿದ್ವು. ಒರೆಸಿ ಮತ್ತ ಅಕೌಂಟ್ ಹಾಕಿದ್ರ ಒಂದೂ ಹಳೇ ಮೇಲ್ ಬರಲಿಲ್ಲ. ಆಮ್ಯಾಲೆ ಗೊತ್ತಾತು, ಅದನ್ನ ಪಾಪ್ ಅಂತ ಹಾಕಿದ್ರಂತ.

ಐಟಿ ಸಪೋರ್ಟ್ ಕೆಲಸದವರು

ಒಳ್ಳೇ ಹೊತ್ತಿಗೆ ಹೇಳಿದಿರಿ ಸರ್, ನಾನೇ ಕೇಳಬೇಕಿತ್ತು. ಪಾಪ್, ಐಮ್ಯಾಪ್ ಅಂದರೆ ಸರ್ವರ್‌ನಿಂದ ಮೇಲ್ ತರಿಸಿಕೊಳ್ಳುವ ಎರಡು ರೀತಿ. ಪಾಪ್ ರೀತಿ ಹಾಕಿದ್ದರೆ, ಮೇಲ್ ಫೋನಿಗೆ ಬಂದ ಮೇಲೆ ಸರ್ವರ್‌ನಿಂದ ಅಳಿಸಿ ಹೋಗುವ ಹಾಗೆ ಇಟ್ಟಿರಬಹುದು. ಆಗ ಫೋನಿನಲ್ಲಿರುವುದು ನಕಲಲ್ಲ, ಅಸಲು. ಐಮ್ಯಾಪ್ ಆದರೆ ಅಸಲು ಸರ್ವರ್‌ನಲ್ಲೇ ಇರುತ್ತದೆ.

ಮೇಡಂ, ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಆಫೀಸ್ ವಿಳಾಸ ಒತ್ತಿ `Incoming settings` ತೆರೆಯಿರಿ. ಪೋರ್ಟ್ 993 ಇದ್ದರೆ ಐಮ್ಯಾಪ್, 995 ಇದ್ದರೆ ಪಾಪ್. ಅದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ಹೊಸ ಪಾಸ್‌ವರ್ಡ್ ಬಂದ ಮೇಲೆ ಕಂಪ್ಯೂಟರ್‌ನಲ್ಲಿ ವೆಬ್‌ಮೇಲ್ ತೆರೆದು, ಎರಡು ವರ್ಷ ಹಿಂದಿನ ಯಾವುದಾದರೂ ಒಂದು ಮೇಲ್ ಹುಡುಕಿ. ಸಿಕ್ಕರೆ ಒರೆಸಿ. ಸಿಗದಿದ್ದರೆ ಕೈ ಹಚ್ಚಬೇಡಿ, ಮತ್ತೆ ಇಲ್ಲಿ ಬನ್ನಿ.

ಐಫೋನ್ ಇಟ್ಟುಕೊಂಡವರು, ಶಾರ್ಜಾ

ನನ್ನ ಐಫೋನ್‌ನ ಮೇಲ್ ಆ್ಯಪ್ 12 ಜಿಬಿ ಆಗಿದೆ. ಕ್ಯಾಶ್ ಬಟನ್ನೇ ಇಲ್ಲವಲ್ಲ ಗುರು? `Offload App` ಒತ್ತಿದೆ, ಏನೂ ಇಳಿಯಲಿಲ್ಲ.

ಐಟಿ ಸಪೋರ್ಟ್ ಕೆಲಸದವರು

ಆಫ್‌ಲೋಡ್ ತೆಗೆಯುವುದು ಆ್ಯಪ್ ಅನ್ನು ಮಾತ್ರ, ಡೇಟಾವನ್ನು ಉಳಿಸಿಕೊಳ್ಳುತ್ತದೆ. ನಿಮ್ಮ ಭಾರ ಇರುವುದೇ ಡೇಟಾದಲ್ಲಿ. ಅಕೌಂಟ್ ತೆಗೆಯದೆ ಮಾಡಬಹುದಾದದ್ದು ಒಂದಿದೆ. ಸೆಟ್ಟಿಂಗ್ಸ್‌ನಲ್ಲಿ ಮೇಲ್ ಅಕೌಂಟ್ ತೆರೆದು `Mail` ಅನ್ನುವ ಸ್ವಿಚ್ ಮಾತ್ರ ಆಫ್ ಮಾಡಿ. ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಸ್ವಿಚ್ ಹಾಗೇ ಇರಲಿ. ಫೋನ್ ಆರಿಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿ. ಪಾಪ್ ಎಚ್ಚರಿಕೆ ನಿಮಗೂ ಅನ್ವಯ. ಒಬ್ಬರ ಫೋನಿನಲ್ಲಿ ಇದರಿಂದ ಪೂರ್ತಿ ಇಳಿದದ್ದು ನೋಡಿದ್ದೇನೆ, ಇನ್ನೊಬ್ಬರದರಲ್ಲಿ ಅರ್ಧ ಹಾಗೇ ಉಳಿಯಿತು. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಕೇಳಿದವರು (ನಾಲ್ಕು ದಿನದ ನಂತರ)

ಎಲ್ಲರಿಗೂ ವರದಿ. ಪೋರ್ಟ್ 993 ಇತ್ತು. ವೆಬ್‌ಮೇಲ್‌ನಲ್ಲಿ ಹಳೇ ಮೇಲ್ ಎಲ್ಲ ಸಿಕ್ಕಿತು. ಔಟ್‌ಬಾಕ್ಸ್‌ನಲ್ಲಿ ಒಂದು ಮೇಲ್ ನಿಂತಿತ್ತು! ಅಟ್ಯಾಚ್‌ಮೆಂಟ್ ತುಂಬಾ ದೊಡ್ಡದಾಗಿ ಸಿಕ್ಕಿಕೊಂಡಿದ್ದು. ಕ್ಲೈಂಟ್ ‘ಬಂದಿಲ್ಲ ಬಂದಿಲ್ಲ’ ಅಂತ ಜಗಳ ಆಡಿದ್ದರು, ನಾನು ಕಳಿಸಿದ್ದೇನೆ ಅಂತ ವಾದ ಮಾಡಿದ್ದೆ. ಅದನ್ನು ಬೇರೆಯಾಗಿ ಕಳಿಸಿ, ಆಮೇಲೆ ಒರೆಸಿದೆ.

ಗೂಗಲ್ ಅಕೌಂಟ್ ಹಾಗೇ ಇತ್ತು. ಆಫೀಸಿನದು ಹೋಯಿತು, ಹೊಸ ಪಾಸ್‌ವರ್ಡ್ ಹಾಕಿ ಸೇರಿಸಿದೆ. ಈಗ ಡೇಟಾ 430 ಎಂಬಿ. ಆದರೆ ಮೇಲ್ ಕೆಳಗೆ ಬರುತ್ತಿದ್ದ ನನ್ನ ಹೆಸರು, ಆಫೀಸ್ ವಿಳಾಸದ ಸಾಲು ಹೋಗಿದೆ. ನೋಟಿಫಿಕೇಶನ್ ಸದ್ದೂ ಬದಲಾಗಿದೆ. ‘ಕ್ಲೈಂಟ್ಸ್’ ಒಳಗೆ ಹಳೇ ಮೇಲ್ ತಕ್ಷಣ ಕಾಣಲಿಲ್ಲ, ಗಾಬರಿ ಆಯಿತು.

ಐಟಿ ಸಪೋರ್ಟ್ ಕೆಲಸದವರು

ಸಹಿ, ಸದ್ದು ಇವನ್ನು ಮತ್ತೆ ಇಡಬೇಕು ಅಂತ ಮೊದಲೇ ಹೇಳಬೇಕಿತ್ತು, ಮರೆತೆ. ಅಟ್ಯಾಚ್‌ಮೆಂಟ್ ಟಿಕ್ ಇನ್ನೊಮ್ಮೆ ನೋಡಿ, ಅದೂ ಮೊದಲಿನಂತಾಗಿರಬಹುದು. `Manage labels` ಕೂಡ. ಹಳೇ ಮೇಲ್ ಎಲ್ಲೂ ಹೋಗಿಲ್ಲ. ನೆಟ್ ಇರುವಾಗ ಮೇಲಿನ ಹುಡುಕುವ ಪಟ್ಟಿಯಲ್ಲಿ ಕ್ಲೈಂಟ್ ಹೆಸರು ಹಾಕಿ, ಸರ್ವರ್‌ನಿಂದ ತಂದು ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದ ಊರಿಗೆ ಹೋಗುವಾಗ ಬೇಕಾದ ಪಿಡಿಎಫ್ ಮಾತ್ರ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅದು ಡೌನ್‌ಲೋಡ್ಸ್ ಫೋಲ್ಡರ್‌ಗೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಅಲ್ಲಿಂದ ಅಳಿಸಿದರೆ ಮೇಲ್‌ಗೆ ಏನೂ ಆಗಲ್ಲ.

ಕಾಲೇಜು ಹುಡುಗ, ತುಮಕೂರು

ನಂದೂ ನೋಡಿದೆ. ಡೇಟಾ 210 ಎಂಬಿ. ಇಷ್ಟು ದಿನ ವಾರ ವಾರ ಸುಮ್ನೆ ಒತ್ತುತ್ತಿದ್ದೆ ಅನ್ನಿ.

ಐಫೋನ್ ಇಟ್ಟುಕೊಂಡವರು, ಶಾರ್ಜಾ

ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. 12 ಇದ್ದದ್ದು 7. ಆ 7 ಎಲ್ಲಿ ಕೂತಿದೆಯೋ ಗೊತ್ತಿಲ್ಲ, ಗೊತ್ತಿದ್ದವರು ಹೇಳಿ.